ಯುಎಸ್‌ಜಿ, ಸಿಟಿ, ಇಸಿಜಿ: ಕಿಡ್ನಿ ಹರಳು ಯಾವುದಕ್ಕೆ ಕಾಣುತ್ತದೆ?

ಕಳೆದ ಏಪ್ರಿಲ್‌ನ ಒಂದು ರಾತ್ರಿ ಸಿಂಧನೂರಿನ ಹತ್ತಿರ ಭತ್ತ ಬೆಳೆಯುವ ನಮ್ಮ ಸೋದರಮಾವನಿಗೆ ಬಲಗಡೆ ಬೆನ್ನಿನ ಕೆಳಭಾಗದಲ್ಲಿ ಎದ್ದ ನೋವು ಹೊಟ್ಟೆಯ ಪಕ್ಕದಿಂದ ತೊಡೆಸಂದಿಗೆ ಇಳಿಯಿತು. ಮಲಗಿದರೂ ಕುಳಿತರೂ ಸಮಾಧಾನವಿಲ್ಲದೆ ಬೆಳಗಿನವರೆಗೆ ಅಂಗಳದಲ್ಲಿ ತಿರುಗಾಡಿದರು. ಮರುದಿನ ಒಂದು ಖಾಸಗಿ ಸ್ಕ್ಯಾನಿಂಗ್ ಕೇಂದ್ರದಲ್ಲಿ ಯುಎಸ್‌ಜಿ ಆಯಿತು. ಕೌಂಟರಿನಲ್ಲಿದ್ದವರು ವರದಿಯ ಲಕೋಟೆ ಕೊಡುತ್ತಾ ‘ನಾರ್ಮಲ್ ಇದೆ’ ಎಂದು ಹೇಳಿ ಕಳುಹಿಸಿದರು. ಸಂಜೆ ನಾನು ರಾಯಚೂರಿನಿಂದ ಹೋದಾಗ ಮಾವ ಕೇಳಿದ್ದು ಇಷ್ಟೇ: “ಸ್ಕ್ಯಾನಿಂಗ್‌ನ್ಯಾಗ ಏನೂ ಇಲ್ಲಂದ್ರಲ್ಲೋ ಅಳಿಯಾ, ಮತ್ತ ಈ ನೋವು ಎಲ್ಲಿಂದ ಬಂತು?”

ಲಕೋಟೆ ಬಿಚ್ಚಿ ಓದಿದರೆ ವರದಿ ‘ಏನೂ ಇಲ್ಲ’ ಎಂದಿರಲಿಲ್ಲ. ಬಲ ಮೂತ್ರಪಿಂಡ ಸ್ವಲ್ಪ ಊದಿಕೊಂಡಿದೆ, ಕರುಳಿನ ಗಾಳಿಯಿಂದಾಗಿ ಮೂತ್ರನಾಳ ಕಾಣಲಿಲ್ಲ ಎಂಬ ಎರಡು ಸಾಲುಗಳು ಅದರಲ್ಲಿದ್ದವು. ಹರಳು ಕಾಣಲಿಲ್ಲ ಎಂಬುದಕ್ಕೂ ಹರಳು ಇಲ್ಲ ಎಂಬುದಕ್ಕೂ ಇರುವ ವ್ಯತ್ಯಾಸ ಆ ಎರಡು ಸಾಲುಗಳಲ್ಲೇ ಇತ್ತು. ಅದು ತಿಳಿಯಬೇಕಾದರೆ ಯುಎಸ್‌ಜಿ ಯಾವುದರಿಂದ ನೋಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಯುಎಸ್‌ಜಿ ಎಂದರೆ ಅಲ್ಟ್ರಾಸೋನೋಗ್ರಫಿ; ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಮೈಯೊಳಗೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಕಟ್ಟುವ ವಿಧಾನ. ಇದರ ಮೂಲ ಕಾರ್ಖಾನೆಯಲ್ಲಿದೆ. ಲೋಹದ ಒಳಗಿನ ಬಿರುಕನ್ನು ಶಬ್ದದಿಂದ ಹುಡುಕುವ ಯಂತ್ರವೊಂದು ಸ್ಕಾಟ್ಲೆಂಡಿನ ಬಾಯ್ಲರ್ ಕಾರ್ಖಾನೆಯಲ್ಲಿದೆ ಎಂದು ತಿಳಿದ ಗ್ಲಾಸ್ಗೋದ ಸ್ತ್ರೀರೋಗ ತಜ್ಞ ಇಯಾನ್ ಡೊನಾಲ್ಡ್, 1955ರಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹೇರಿಕೊಂಡು ಅಲ್ಲಿಗೇ ಹೋದರು. ಗಟ್ಟಿ ಗಡ್ಡೆಯ ಪ್ರತಿಧ್ವನಿ ಬೇರೆ, ನೀರು ತುಂಬಿದ ಗಡ್ಡೆಯ ಪ್ರತಿಧ್ವನಿ ಬೇರೆ ಎಂಬುದು ಅಲ್ಲಿ ಖಚಿತವಾಯಿತು. 1958ರಲ್ಲಿ ಅವರು ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಸೇರಿದ ತಂಡ ಮನುಷ್ಯರ ಹೊಟ್ಟೆಯ ಚಿತ್ರಗಳನ್ನು ಪ್ರಕಟಿಸಿತು.

ಶಬ್ದ ನೀರಿನಲ್ಲಿ ಸಲೀಸಾಗಿ ಸಾಗುತ್ತದೆ, ಗಾಳಿಯ ಎದುರು ನಿಂತುಬಿಡುತ್ತದೆ. ಚರ್ಮದ ಮೇಲೆ ತಣ್ಣನೆಯ ಜೆಲ್ ಹಚ್ಚುವುದು ನಡುವಿನ ಗಾಳಿಯನ್ನು ತೆಗೆಯಲು. ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಬನ್ನಿ ಎನ್ನುವುದು ಅದರ ಹಿಂದಿನ ಭಾಗಗಳು ಕಾಣಲೆಂದು. ಮೂತ್ರಪಿಂಡದೊಳಗಿನ ಹರಳು ಇದಕ್ಕೆ ಚೆನ್ನಾಗಿಯೇ ಸಿಗುತ್ತದೆ: ಬೆಳ್ಳಗೆ ಹೊಳೆಯುವ ಒಂದು ಚುಕ್ಕೆ, ಅದರ ಹಿಂದೆ ಶಬ್ದ ತಲುಪದ ಕಪ್ಪು ನೆರಳು. ಆದರೆ ಹರಳು ಜಾರಿ ಮೂತ್ರನಾಳದ ನಡುಭಾಗಕ್ಕೆ ಬಂದರೆ ಮುಂದೆ ಕರುಳು, ಕರುಳಿನಲ್ಲಿ ಗಾಳಿ. ಆಗ ಯುಎಸ್‌ಜಿಗೆ ಹರಳು ಕಾಣುವುದಿಲ್ಲ, ಅದು ಮಾಡಿದ ಅನಾಹುತ ಮಾತ್ರ ಕಾಣುತ್ತದೆ. ದಾರಿ ಕಟ್ಟಿದ್ದರಿಂದ ಮೂತ್ರ ಹಿಂದಕ್ಕೆ ನಿಂತು ಮೂತ್ರಪಿಂಡ ಊದಿಕೊಂಡಿರುತ್ತದೆ. ಮಾವನ ವರದಿ ಹೇಳಿದ್ದು ಇದನ್ನೇ.

ಮನೆಯಲ್ಲಿ ಆಗ ಎದ್ದ ಮಾತು, ‘ಹಂಗಾದ್ರ ಎಂಆರ್‌ಐನ ಮಾಡಿಸಿಬಿಡ್ರಿ, ಅದು ಎಲ್ಲಾಕ್ಕಿಂತ ದೊಡ್ಡದು’ ಎಂಬುದು. ದುಬಾರಿ ಯಂತ್ರ ಹೆಚ್ಚು ನೋಡುತ್ತದೆ ಎಂಬ ಈ ನಂಬಿಕೆ ನಮ್ಮ ಕಡೆ ಬಹಳ ಬಲವಾಗಿದೆ. ಹರಳಿನ ವಿಷಯದಲ್ಲಿ ಅದು ಪೂರ್ತಿ ತಪ್ಪು. ಎಂಆರ್‌ಐ, ಅಂದರೆ ಮ್ಯಾಗ್ನೆಟಿಕ್ ರೆಸೊನೆನ್ಸ್ ಇಮೇಜಿಂಗ್, ಬಲವಾದ ಅಯಸ್ಕಾಂತದೊಳಗೆ ನಮ್ಮ ಮೈಯ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪರಮಾಣುಗಳಿಗೆ ರೇಡಿಯೊ ಅಲೆ ತಾಗಿಸಿ, ಅವು ಮರಳಿ ಕೊಡುವ ಸಂಕೇತವನ್ನು ಹಿಡಿಯುತ್ತದೆ. 1973ರಲ್ಲಿ ಪಾಲ್ ಲಾಟರ್‌ಬರ್ ಈ ಬಗೆಯಲ್ಲಿ ಪ್ರಕಟಿಸಿದ ಮೊದಲ ಚಿತ್ರವೂ ನೀರು ತುಂಬಿದ ಎರಡು ಸಣ್ಣ ಕೊಳವೆಗಳದ್ದೇ. ಹಾಗಾಗಿ ನೀರಿನಂಶವಿರುವ ಮಿದುಳು, ಬೆನ್ನುಹುರಿ, ಮೊಣಕಾಲಿನ ತಂತುಗಳು ಇದರಲ್ಲಿ ಸೊಗಸಾಗಿ ಬಿಡಿಸಿಕೊಳ್ಳುತ್ತವೆ. ಕ್ಯಾಲ್ಸಿಯಂ ಹರಳು ಸಂಕೇತವನ್ನೇ ಕೊಡುವುದಿಲ್ಲ. ಕಂಡರೆ ಒಂದು ಕಪ್ಪು ಖಾಲಿ ಜಾಗವಾಗಿ ಕಾಣಬಹುದು, ಚಿಕ್ಕದಾದರೆ ಅದೂ ಇಲ್ಲ. ಈ ವಿಧಾನದ ಹೆಸರಿನ ಮುಂದೆ ಮೊದಲು ‘ನ್ಯೂಕ್ಲಿಯರ್’ ಎಂಬ ಪದವಿತ್ತು. ಅಣುವಿಕಿರಣವೆಂದು ಜನ ಹೆದರುತ್ತಾರೆಂಬ ಕಾರಣಕ್ಕೆ ಅದನ್ನು ಕೈಬಿಡಲಾಯಿತು. ನಿಜಕ್ಕೂ ಇದರಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ.

ಎಕ್ಸ್‌ರೇ ಇರುವುದು ಸಿಟಿಯಲ್ಲಿ. ಕಂಪ್ಯೂಟೆಡ್ ಟೊಮೊಗ್ರಫಿ ಎಂಬ ಹೆಸರಿನ ‘ಟೊಮೊ’ ಗ್ರೀಕ್ ಮೂಲದ್ದು, ಹೋಳು ಎಂದರ್ಥ. ಸಾದಾ ಎಕ್ಸ್‌ರೇಯಲ್ಲಿ ಮುಂದಿನದು, ಹಿಂದಿನದು ಎಲ್ಲ ಒಂದರ ಮೇಲೊಂದು ಬಿದ್ದ ನೆರಳಾಗುತ್ತವೆ. ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್, ಹಲವು ಕೋನಗಳಿಂದ ಹಾಯಿಸಿದ ಎಕ್ಸ್‌ರೇಯನ್ನು ಮೈ ಎಲ್ಲೆಲ್ಲಿ ಎಷ್ಟು ಹೀರಿಕೊಂಡಿತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಒಂದೊಂದೇ ಹೋಳನ್ನು ಬಿಡಿಸಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮಿದುಳಿನ ಗಡ್ಡೆಯ ಶಂಕೆಯಿದ್ದ ಮಹಿಳೆಗೆ ಮೊದಲ ಸ್ಕ್ಯಾನ್ ಆಯಿತು. ಆ ಹೀರಿಕೆಯನ್ನು ಅಳೆಯುವ ಮಾನಕ್ಕೆ ಇವತ್ತಿಗೂ ಅವರದೇ ಹೆಸರು: ನೀರಿಗೆ 0, ಗಾಳಿಗೆ ಮೈನಸ್ 1000.

ಮರುದಿನ ರಾಯಚೂರಿನಲ್ಲಿ ವೈದ್ಯರು ಮಾವನಿಗೆ ಬರೆದದ್ದು ‘ಪ್ಲೇನ್ ಸಿಟಿ ಕೆಯುಬಿ’. ಕೆಯುಬಿ ಎಂದರೆ ಕಿಡ್ನಿ, ಯುರೇಟರ್, ಬ್ಲ್ಯಾಡರ್, ಅಂದರೆ ಮೂತ್ರಪಿಂಡ, ಮೂತ್ರನಾಳ, ಮೂತ್ರಕೋಶ. ಪ್ಲೇನ್ ಎಂದರೆ ರಕ್ತನಾಳಕ್ಕೆ ಔಷಧ ಚುಚ್ಚದೆ ಮಾಡುವುದು. ಆ ಔಷಧವೂ ಬಿಳಿಯಾಗಿ, ಹರಳೂ ಬಿಳಿಯಾಗಿ ಕಾಣುವುದರಿಂದ ಒಂದರಲ್ಲಿ ಇನ್ನೊಂದು ಮರೆಯಾಗುತ್ತದೆ. ಮೇಜಿನ ಮೇಲೆ ಮಲಗಿಸಿ ಉಸಿರು ಹಿಡಿಯಲು ಹೇಳಿದ ಅರ್ಧ ನಿಮಿಷದೊಳಗೆ ಕೆಲಸ ಮುಗಿಯಿತು. ಮೂತ್ರನಾಳ ಸೊಂಟದ ದೊಡ್ಡ ರಕ್ತನಾಳಗಳನ್ನು ದಾಟುವ ಇಕ್ಕಟ್ಟಿನ ಜಾಗದಲ್ಲಿ 7 ಮಿಲಿಮೀಟರಿನ ಹರಳು ಸಿಕ್ಕಿಕೊಂಡಿತ್ತು. ಅದರ ಹೌನ್ಸ್‌ಫೀಲ್ಡ್ ಸಂಖ್ಯೆ 1100. ಸಾಮಾನ್ಯವಾಗಿ 5 ಮಿಲಿಮೀಟರಿಗಿಂತ ಚಿಕ್ಕ ಹರಳು ತಾನಾಗಿಯೇ ಹೊರಬೀಳುವ ಸಾಧ್ಯತೆ ಹೆಚ್ಚು, 10 ದಾಟಿದರೆ ಬಹಳ ಕಡಿಮೆ. ಮಾವನದು ನಡುವೆ ಇತ್ತು. ಸಾವಿರ ಮೀರಿದ ಸಂಖ್ಯೆ ಗಟ್ಟಿ ಕ್ಯಾಲ್ಸಿಯಂ ಹರಳಿನ ಸೂಚನೆ, ಹೊರಗಿನಿಂದ ಆಘಾತದ ಅಲೆ ಕೊಟ್ಟು ಒಡೆಯಲು ಅಂಥದ್ದು ಸುಲಭವಾಗಿ ಬಗ್ಗುವುದಿಲ್ಲ. ಒಂದು ವಾರ ಔಷಧ ಕೊಟ್ಟು ಕಾದರೂ ಹರಳು ಜಾರದಿದ್ದಾಗ ದುರ್ಬೀನು ತೂರಿಸಿ ಲೇಸರಿನಿಂದ ಒಡೆದು ತೆಗೆಯುವುದೆಂದು ತೀರ್ಮಾನವಾಯಿತು.

ಅದಕ್ಕೆ ಮುಂಚೆ ಚೀಟಿಯಲ್ಲಿ ಇಸಿಜಿ ಎಂದು ಬಂದಾಗ ಮಾವ ಗಾಬರಿಯಾದರು. ಹರಳಿಗೂ ಹೃದಯಕ್ಕೂ ಏನು ಸಂಬಂಧ? ಹರಳಿಗಲ್ಲ, ಅರಿವಳಿಕೆಗೆ ಸಂಬಂಧ. ಎಲೆಕ್ಟ್ರೋಕಾರ್ಡಿಯೋಗ್ರಾಂ ಈ ಪರೀಕ್ಷೆಗಳಲ್ಲೆಲ್ಲ ಹಿರಿಯದು, ಮತ್ತು ಇದು ಸ್ಕ್ಯಾನ್ ಅಲ್ಲವೇ ಅಲ್ಲ. ಮೈಯೊಳಗೆ ಏನನ್ನೂ ಕಳುಹಿಸದೆ, ಹೃದಯವೇ ಹುಟ್ಟಿಸುವ ವಿದ್ಯುತ್ತನ್ನು ಚರ್ಮದ ಮೇಲಿಂದ ಬರೆದುಕೊಳ್ಳುತ್ತದೆ. ನೆದರ್ಲೆಂಡ್ಸಿನ ವಿಲ್ಲೆಮ್ ಐಂಥೋವೆನ್ 20ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ರೋಗಿ ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕೂರಬೇಕಿತ್ತು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಹೃದಯದ ಬಡಿತದ ಲಯ, ಸ್ನಾಯುವಿಗೆ ಆಗುತ್ತಿರುವ ಪೆಟ್ಟು ಇದರಲ್ಲಿ ತಿಳಿಯುತ್ತದೆ. ಕವಾಟ ಸರಿಯಾಗಿ ಮುಚ್ಚುತ್ತದೆಯೇ, ರಕ್ತ ಎಷ್ಟು ಒತ್ತಿ ಹೊರಹೋಗುತ್ತದೆ ಎಂಬುದು ತಿಳಿಯುವುದಿಲ್ಲ. ಅದನ್ನು ನೋಡುವ ‘ಎಕೋ’ ಹೃದಯಕ್ಕೆ ಮಾಡುವ ಅಲ್ಟ್ರಾಸೌಂಡೇ. ಎದೆನೋವು ಬಂದವರಿಗೂ ಒಂದು ಇಸಿಜಿ ಸರಿ ಬಂದಾಕ್ಷಣ ಹೃದಯಾಘಾತವಿಲ್ಲ ಎನ್ನಲಾಗದು. ಮೊದಲ ಗಂಟೆಗಳಲ್ಲಿ ಗೆರೆ ಸರಿಯಾಗಿಯೇ ಇರಬಹುದು, ಆದ್ದರಿಂದ ಮತ್ತೆ ಮತ್ತೆ ತೆಗೆದು ನೋಡುತ್ತಾರೆ.

ಮಾವನ ಗೆರೆಗಳು ಸರಿಯಿದ್ದವು, ಹರಳನ್ನೂ ತೆಗೆದರು. ತಿಂಗಳಾದ ಮೇಲೆ ಮತ್ತೊಮ್ಮೆ ಬರಬೇಕಿದ್ದಾಗ ಅವರು ಸಿಟಿಗೆ ದುಡ್ಡು ಹೊಂದಿಸಿಕೊಂಡೇ ಬಂದಿದ್ದರು. ವೈದ್ಯರು ಬರೆದದ್ದು ಯುಎಸ್‌ಜಿ. ಹರಳು ಎಲ್ಲಿದೆ ಎಂಬ ಪ್ರಶ್ನೆ ಮುಗಿದಿತ್ತು, ಮೂತ್ರಪಿಂಡದ ಊತ ಇಳಿಯಿತೇ ಎಂಬುದೊಂದೇ ಉಳಿದಿತ್ತು. ಅದಕ್ಕೆ ಎಕ್ಸ್‌ರೇ ಬೇಡ, ಶಬ್ದವೇ ಸಾಕು. ಈ ಸಲ ಲಕೋಟೆಯನ್ನು ಕೌಂಟರಿನಲ್ಲೇ ಬಿಚ್ಚಿಸಿ, “ಊತದ ಸಾಲು ಎಲ್ಲೈತಿ ತೋರಿಸ್ರಿ” ಎಂದು ಕೇಳಿ ಓದಿಸಿಕೊಂಡೇ ಮಾವ ಊರಿನ ಬಸ್ಸು ಹತ್ತಿದರು.