ಹುಬ್ಬಿನ ಹೊಟ್ಟಿಗೆ ಎಣ್ಣೆ ಹಚ್ಚುವ ಮೊದಲು

ಮೂಗಿನ ಹೊಳ್ಳೆಯ ಪಕ್ಕದ ಸಂದಿನಲ್ಲಿ ಚರ್ಮ ಕೆಂಪಾಗಿ, ಹುಬ್ಬಿನ ಕೂದಲ ಬುಡದಲ್ಲಿ ಬಿಳಿ ಸಿಪ್ಪೆ ಏಳತೊಡಗಿದರೆ, ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯ ಮನೆಗಳಲ್ಲಿ ಮೊದಲು ಕೈಗೆ ಬರುವುದು ತೆಂಗಿನೆಣ್ಣೆಯ ಬಾಟಲಿ. ಸಿಪ್ಪೆ ಏಳುತ್ತಿದೆಯೆಂದರೆ ಚರ್ಮ ಒಣಗಿದೆ, ಒಣಗಿದ್ದಕ್ಕೆ ಎಣ್ಣೆ ಬೇಕು ಎಂದುಕೊಳ್ಳುವುದು ಸಹಜ. ಎಣ್ಣೆ ಹಚ್ಚಿದ ಕೂಡಲೇ ಸಿಪ್ಪೆ ಮೆತ್ತಗಾಗಿ, ಚರ್ಮಕ್ಕೆ ಅಂಟಿಕೊಂಡು ಕಾಣದಂತಾಗುವುದರಿಂದ ಉಪಾಯ ಫಲಿಸಿತೆಂದೇ ಅನಿಸುತ್ತದೆ. ಆದರೆ ಕೆಲವೇ ದಿನಗಳಲ್ಲಿ ಸಿಪ್ಪೆ ಮರಳುತ್ತದೆ, ಕೆಂಪು ಮೊದಲಿಗಿಂತ ಹೆಚ್ಚಾಗಿಯೂ ಇರಬಹುದು. ವೈದ್ಯರು ಸೆಬೊರಿಕ್ ಡರ್ಮಟೈಟಿಸ್ ಎಂದು ಕರೆಯುವ ಈ ತೊಂದರೆ ಒಣ ಚರ್ಮದ ಕಾಯಿಲೆಯಲ್ಲ. ಚರ್ಮ ತಾನೇ ಸ್ರವಿಸುವ ಜಿಡ್ಡು, ಆ ಜಿಡ್ಡನ್ನು ತಿಂದು ಬದುಕುವ ಒಂದು ಶಿಲೀಂಧ್ರ ಮತ್ತು ಅದಕ್ಕೆ ಚರ್ಮ ತೋರುವ ಪ್ರತಿಕ್ರಿಯೆ, ಈ ಮೂರೂ ಸೇರಿ ಉಂಟಾಗುವ ಉರಿಯೂತ ಇದು.

ಅದು ಕಾಣಿಸಿಕೊಳ್ಳುವ ಜಾಗಗಳನ್ನು ಗಮನಿಸಿದರೆ ಜಿಡ್ಡಿನ ಸಂಬಂಧ ತಾನಾಗಿಯೇ ತಿಳಿಯುತ್ತದೆ. ಹುಬ್ಬು, ಎರಡು ಹುಬ್ಬುಗಳ ನಡುವಿನ ಜಾಗ, ಮೂಗಿನ ಇಕ್ಕೆಲ, ಕಿವಿಯ ಹಿಂಭಾಗ, ನೆತ್ತಿ, ಎದೆಯ ಮಧ್ಯಭಾಗ, ಇವೆಲ್ಲ ಜಿಡ್ಡಿನ ಗ್ರಂಥಿಗಳು ದಟ್ಟವಾಗಿರುವ ತಾಣಗಳು. ಒಣಗಿದ ಚರ್ಮ ಸಾಮಾನ್ಯವಾಗಿ ಮೊಣಕಾಲ ಕೆಳಗೆ, ಮುಂಗೈ ಮೇಲೆ, ಕೆನ್ನೆಯ ಮೇಲೆ ನವಿರಾದ ಬಿಳಿ ಪುಡಿಯಂತೆ ಉದುರುತ್ತದೆ. ಇಲ್ಲಿ ಏಳುವ ಸಿಪ್ಪೆ ಹಾಗಲ್ಲ. ಹುಬ್ಬಿನಿಂದ ಉದುರಿದ ಚಕ್ಕೆಯನ್ನು ಬೆರಳುಗಳ ನಡುವೆ ಹಿಸುಕಿದರೆ ಅದು ಪುಡಿಯಾಗುವ ಬದಲು ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ. ಬಣ್ಣವೂ ಅಚ್ಚ ಬಿಳಿಯಲ್ಲ, ತುಸು ಹಳದಿ. ಈ ಚಕ್ಕೆಯೂ ತಲೆಹೊಟ್ಟೂ ಒಂದೇ ಕುಲದವು. ನೆತ್ತಿಯಲ್ಲಿ ಕೆಂಪಾಗದೆ ಬರೀ ಹೊಟ್ಟಾಗಿ ಉದುರುವುದು ಇದೇ ತೊಂದರೆಯ ಸೌಮ್ಯ ರೂಪವೆಂದು ಹೆಚ್ಚಿನ ಚರ್ಮತಜ್ಞರು ಪರಿಗಣಿಸುತ್ತಾರೆ.

ಹೊಟ್ಟಿನ ಚಕ್ಕೆಗಳಲ್ಲಿ ಶಿಲೀಂಧ್ರದ ಕಣಗಳಿರುವುದನ್ನು ಫ್ರಾನ್ಸಿನ ಲೂಯಿ ಮಲಾಸೆ 1874ರಲ್ಲಿಯೇ ವರ್ಣಿಸಿದ್ದರು. ಅವರ ಹೆಸರಿನಿಂದಲೇ ಆ ಕುಲಕ್ಕೆ ಮಲಾಸೇಜಿಯಾ ಎಂಬ ಹೆಸರು ಬಂತು. ಇದು ಹೊರಗಿನಿಂದ ಬಂದು ಅಂಟುವ ಜೀವಿಯಲ್ಲ. ಆರೋಗ್ಯವಂತರ ಚರ್ಮದ ಮೇಲೂ ಸದಾ ಇರುತ್ತದೆ. ಆದ್ದರಿಂದ ಈ ತೊಂದರೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಟವೆಲನ್ನು ಬೇರೆ ಇಡಬೇಕಿಲ್ಲ, ಕೊಳಕಿನಿಂದ ಬಂತೆಂದು ನಾಚಬೇಕಾಗಿಯೂ ಇಲ್ಲ. ಈ ಕುಲದ ಒಂದು ಮುಖ್ಯ ಪ್ರಭೇದದ ಜೀನೋಮನ್ನು 2007ರಲ್ಲಿ ಪ್ರಕಟಿಸಿದಾಗ, ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಿಕೊಳ್ಳಲು ಬೇಕಾದ ಜೀನ್ ಅದರಲ್ಲಿ ಇಲ್ಲವೆಂಬುದು ಸ್ಪಷ್ಟವಾಯಿತು. ಬದುಕಬೇಕಾದರೆ ಅದು ಚರ್ಮದ ಜಿಡ್ಡನ್ನೇ ಅವಲಂಬಿಸಬೇಕು. ಲೈಪೇಸ್ ಎಂಬ ಕಿಣ್ವಗಳನ್ನು ಹೊರಬಿಟ್ಟು ಜಿಡ್ಡನ್ನು ಒಡೆಯುತ್ತದೆ, ಅದರಿಂದ ಬರುವ ಸಂತೃಪ್ತ ಕೊಬ್ಬಿನಾಮ್ಲಗಳನ್ನು ಬಳಸಿಕೊಳ್ಳುತ್ತದೆ, ಓಲಿಯಿಕ್ ಆಮ್ಲದಂತಹ ಅಸಂತೃಪ್ತ ಆಮ್ಲಗಳನ್ನು ಚರ್ಮದ ಮೇಲೆಯೇ ಬಿಡುತ್ತದೆ. ಈ ಉಳಿಕೆ ಚರ್ಮದ ಹೊರಪದರದೊಳಗೆ ಇಳಿದು ಅದರ ಕಾವಲನ್ನು ಸಡಿಲಿಸುತ್ತದೆ. ಕೆಲವರ ಚರ್ಮ ಇದನ್ನು ಸಹಿಸಿಕೊಳ್ಳುತ್ತದೆ. ಇನ್ನು ಕೆಲವರದು ಕೆರಳಿ ಕೆಂಪಾಗುತ್ತದೆ, ಹೊರಪದರದ ಜೀವಕೋಶಗಳು ಪಕ್ವವಾಗುವ ಮೊದಲೇ ಗುಂಪುಗುಂಪಾಗಿ ಕಳಚಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಕಾಣುವ ಚಕ್ಕೆ ಅದೇ. ಮೇಲಿನಿಂದ ಹಚ್ಚಿದ ಎಣ್ಣೆ ಶಿಲೀಂಧ್ರಕ್ಕೆ ಮತ್ತಷ್ಟು ಆಹಾರವಾಗಬಹುದು ಎಂಬ ಕಾರಣಕ್ಕಾಗಿಯೇ ಮುಖದ ಈ ಜಾಗಗಳಲ್ಲಿ ಎಣ್ಣೆಯನ್ನು ಹಚ್ಚಿ ಬಿಡಬಾರದೆಂದು ಹೇಳುವುದು. ನೆತ್ತಿಯ ದಪ್ಪ ಹೊಪ್ಪಳೆಯನ್ನು ಮೆತ್ತಗಾಗಿಸಲು ಸ್ವಲ್ಪ ಹೊತ್ತು ಎಣ್ಣೆ ಹಚ್ಚಿ, ಆಮೇಲೆ ಶಾಂಪೂ ಹಾಕಿ ಪೂರ್ತಿ ತೊಳೆಯುವುದು ಬೇರೆ ಮಾತು, ಅದಕ್ಕೆ ಅಡ್ಡಿಯಿಲ್ಲ.

ಎಣ್ಣೆಯಿಂದ ಆಗುವ ಹಾನಿ ಅಷ್ಟು ದೊಡ್ಡದಲ್ಲ. ದೊಡ್ಡ ಹಾನಿ ಆಗುವುದು ಅದರ ನಂತರದ ಹೆಜ್ಜೆಯಲ್ಲಿ, ಮತ್ತು ಅದನ್ನು ಒಂದು ಉದಾಹರಣೆಯ ಮೂಲಕ ಹೇಳುವುದೇ ಸರಿ. ಬೈತಖೋಲ ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುವ, ಮೂವತ್ತೈದರ ಆಸುಪಾಸಿನ ಒಬ್ಬ ವ್ಯಕ್ತಿಯನ್ನು ಕಲ್ಪಿಸಿಕೊಳ್ಳೋಣ. ಬೆಳಗಿನಿಂದ ಬಿಸಿಲು, ಬೆವರು, ಉಪ್ಪುಗಾಳಿ. ಸಂಜೆ ಸಾಮಾನ್ಯ ಮೈಸೋಪಿನಿಂದ ಉಜ್ಜಿ ಉಜ್ಜಿ ಮುಖ ತೊಳೆಯುತ್ತಾರೆ, ಮೂಗಿನ ಪಕ್ಕ ಉರಿಯುತ್ತದೆ. ಎಣ್ಣೆಯಿಂದ ಗುಣ ಕಾಣದಿದ್ದಾಗ ಔಷಧಿ ಅಂಗಡಿಗೆ ಹೋಗಿ ‘ಮುಖಕ್ಕೆ ಏನಾದರೂ ಕೊಡಿ’ ಎನ್ನುತ್ತಾರೆ, ಶಿಲೀಂಧ್ರನಾಶಕ, ಪ್ರತಿಜೈವಿಕ ಮತ್ತು ಪ್ರಬಲ ಸ್ಟಿರಾಯ್ಡ್ ಮೂರನ್ನೂ ಬೆರೆಸಿದ ಟ್ಯೂಬೊಂದು ಸಿಗುತ್ತದೆ. ಮೂರನೆಯ ದಿನಕ್ಕೆ ಕೆಂಪು ಮಾಯ. ಸ್ಟಿರಾಯ್ಡ್ ಉರಿಯೂತವನ್ನು ಅಷ್ಟು ವೇಗವಾಗಿ ಅಡಗಿಸುತ್ತದೆ. ಹಚ್ಚುವುದನ್ನು ನಿಲ್ಲಿಸಿದ ವಾರದೊಳಗೆ ಕೆಂಪು ಮರಳುತ್ತದೆ, ಪುನಃ ಅದೇ ಟ್ಯೂಬು. ಹೀಗೆ ತಿಂಗಳುಗಳು ಉರುಳಿದ ಮೇಲೆ ಹಚ್ಚಿದರೆ ಮಾತ್ರ ಮುಖ ಸುಮ್ಮನಿರುತ್ತದೆ, ಬಿಟ್ಟರೆ ಧಗಧಗನೆ ಉರಿಯುತ್ತದೆ. ಬಿಸಿಲಿಗೆ ಹೋದರೆ ಕೆಂಪೇರುತ್ತದೆ, ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಎಳೆಎಳೆಯಾಗಿ ಕಾಣುತ್ತವೆ, ಮೊಡವೆಯಂತಹ ಗುಳ್ಳೆಗಳೂ ಏಳುತ್ತವೆ. ಈಗ ಅವರಿಗಿರುವುದು ಮೂಲ ತೊಂದರೆಯಷ್ಟೇ ಅಲ್ಲ, ಸ್ಟಿರಾಯ್ಡ್‌ನಿಂದ ಹಾಳಾದ ಮುಖವೂ ಹೌದು. ಭಾರತದ ಚರ್ಮತಜ್ಞರು ಇದನ್ನು ಪ್ರತ್ಯೇಕ ಸಮಸ್ಯೆಯಾಗಿಯೇ ಗುರುತಿಸಿದ್ದಾರೆ. ಚರ್ಮಕ್ಕೆ ಹಚ್ಚುವ ಹಲವು ಸ್ಟಿರಾಯ್ಡ್‌ಗಳು ವೈದ್ಯರ ಚೀಟಿಯಿಲ್ಲದೆ ಮಾರಾಟವಾಗಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮವನ್ನು ಬಿಗಿಗೊಳಿಸಿದ ಮೇಲೂ ಇಂಥ ಟ್ಯೂಬುಗಳು ಕೈಗೆ ಸಿಗುವುದು ನಿಂತಿಲ್ಲ ಎಂಬುದು ನನ್ನನ್ನು ನಿಜಕ್ಕೂ ಕಳವಳಗೊಳಿಸುತ್ತದೆ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಸೋನ್ ಅಥವಾ ಮೊಮೆಟಸೋನ್ ಎಂಬ ಹೆಸರಿದ್ದರೆ ಅದನ್ನು ವೈದ್ಯರನ್ನು ಕೇಳದೆ ಮುಖಕ್ಕೆ ಮುಟ್ಟಿಸಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಬಚ್ಚಿಡದೆ ಆ ಟ್ಯೂಬನ್ನೇ ವೈದ್ಯರ ಬಳಿಗೆ ಒಯ್ಯಿರಿ, ಏಕೆಂದರೆ ಅದನ್ನು ಹೇಗೆ ಬಿಡಿಸಬೇಕೆಂಬುದೂ ಚಿಕಿತ್ಸೆಯ ಒಂದು ಭಾಗ.

ಅದೇ ವ್ಯಕ್ತಿ ಆರಂಭದಲ್ಲಿಯೇ ಚರ್ಮವೈದ್ಯರನ್ನು ಕಂಡಿದ್ದರೆ ನಡೆಯುತ್ತಿದ್ದುದು ಇಷ್ಟು. ಮುಖ್ಯ ಔಷಧಿ ಶಿಲೀಂಧ್ರವನ್ನು ತಗ್ಗಿಸುವ ಶೇಕಡಾ 2ರ ಕೀಟೊಕೊನಜೋಲ್ ಕ್ರೀಮು, ದಿನಕ್ಕೆ ಒಂದು ಅಥವಾ ಎರಡು ಬಾರಿ, ಎರಡರಿಂದ ನಾಲ್ಕು ವಾರ. ಕೆಂಪು ಬಹಳವಿದ್ದರೆ ಅದರ ಜೊತೆಗೆ ಶೇಕಡಾ 1ರ ಹೈಡ್ರೊಕಾರ್ಟಿಸೋನ್‌ನಂತಹ ಸೌಮ್ಯ ಸ್ಟಿರಾಯ್ಡನ್ನು ಕೆಲವೇ ದಿನಗಳ ಮಟ್ಟಿಗೆ ಕೊಟ್ಟು ನಿಲ್ಲಿಸುತ್ತಾರೆ. ಪದೇ ಪದೇ ಮರುಕಳಿಸುವವರಿಗೆ ಟ್ಯಾಕ್ರೊಲಿಮಸ್ ಮುಲಾಮು ಬರೆಯುವುದುಂಟು. ಅದು ಚರ್ಮವನ್ನು ತೆಳುವಾಗಿಸುವುದಿಲ್ಲ, ಆದರೆ ಆರಂಭದ ಕೆಲವು ದಿನ ಉರಿಯುತ್ತದೆ, ಅದನ್ನು ಅಲರ್ಜಿಯೆಂದು ಭಾವಿಸಿ ಹೆದರಿ ಬಿಡುವವರೂ ಇದ್ದಾರೆ. ನೆತ್ತಿಯಲ್ಲಿ ಹೊಟ್ಟಿದ್ದರೆ ಅದಕ್ಕೂ ಜೊತೆಯಲ್ಲಿಯೇ ಚಿಕಿತ್ಸೆ ಆಗಬೇಕು, ಮುಖವನ್ನಷ್ಟೇ ಸರಿಪಡಿಸಿ ನೆತ್ತಿಯನ್ನು ಬಿಟ್ಟರೆ ಕೆಲಸ ಅರ್ಧವಾದಂತೆ. ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಬಾರಿ ಹಾಕಬೇಕು. ಹಾಕಿದ ಕೂಡಲೇ ತೊಳೆದರೆ ಔಷಧಿ ಚರಂಡಿಗೆ ಹೋಗುತ್ತದೆಯೇ ಹೊರತು ನೆತ್ತಿಗೆ ತಾಗುವುದಿಲ್ಲ. ಮೂರರಿಂದ ಐದು ನಿಮಿಷ ನೊರೆಯನ್ನು ನೆತ್ತಿಯ ಚರ್ಮದ ಮೇಲೆಯೇ ಬಿಟ್ಟು, ಆಮೇಲೆ ನೀರು ಸುರಿಯಬೇಕು.

ಔಷಧಿ ಸರಿಯಾಗಿ ಕೆಲಸ ಮಾಡುವುದು ಚರ್ಮವನ್ನು ಉಳಿದ ಹೊತ್ತಿನಲ್ಲಿ ಕೆರಳಿಸದೆ ಇದ್ದಾಗ. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಸಾಮಾನ್ಯ ಮೈಸೋಪು ಸಾಕಷ್ಟು ಕ್ಷಾರೀಯ. ಆದ್ದರಿಂದ ದಿನಕ್ಕೆ ಎರಡು ಬಾರಿ ಮಾತ್ರ, ಉಗುರುಬೆಚ್ಚಗಿನ ನೀರಿನಲ್ಲಿ, ಸುವಾಸನೆಯಿಲ್ಲದ ಸೌಮ್ಯ ಫೇಸ್‌ವಾಶ್ ಬಳಸಿ ಬೆರಳ ತುದಿಗಳಿಂದ ತೊಳೆದರೆ ಸಾಕು. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಬೇಕು. ಸಿಪ್ಪೆಯನ್ನು ಉಗುರಿನಿಂದ ಕೀಳಬಾರದು. ಕಿತ್ತ ಜಾಗ ಹಸಿಯಾಗಿ, ಅಲ್ಲಿ ಔಷಧಿಯೂ ಉರಿಯುತ್ತದೆ. ಮುಖ ಆರಿದ ಮೇಲೆ ಒಂದು ತೊಗರಿ ಕಾಳಿನಷ್ಟು ಕ್ರೀಮನ್ನು ಎರಡೂ ಹುಬ್ಬು ಮತ್ತು ಮೂಗಿನ ಎರಡೂ ಪಕ್ಕಕ್ಕೆ ಹಂಚಬೇಕು, ಹುಬ್ಬಿನಲ್ಲಿ ಕೂದಲ ಮೇಲೆ ಸವರದೆ ಕೂದಲನ್ನು ಬಿಡಿಸಿ ಬುಡದ ಚರ್ಮಕ್ಕೆ ತಾಗಿಸಬೇಕು. ಚರ್ಮ ಬಿಗಿದಂತೆನಿಸಿದರೆ ಹತ್ತು ನಿಮಿಷದ ನಂತರ ಎಣ್ಣೆಯಂಶ ಕಡಿಮೆಯಿರುವ, ಸುವಾಸನೆಯಿಲ್ಲದ ಮಾಯಿಶ್ಚರೈಸರ್ ತೆಳ್ಳಗೆ ಹಚ್ಚಬಹುದು. ನಿಂಬೆರಸ, ಅಡಿಗೆ ಸೋಡಾ, ಮದ್ಯಸಾರವಿರುವ ಆಫ್ಟರ್‌ಶೇವ್ ಇವು ಬೇಡವೇ ಬೇಡ. ರೆಪ್ಪೆಯ ಅಂಚಿನಲ್ಲಿಯೂ ಸಿಪ್ಪೆಯಿದ್ದರೆ ಮುಖದ ಮುಲಾಮನ್ನು ಅಲ್ಲಿಗೆ ಎಳೆಯದೆ ಕಣ್ಣಿನ ವೈದ್ಯರನ್ನು ಕಾಣುವುದು ಉತ್ತಮ. ಕಣ್ಣಿನ ಸುತ್ತ ಬಹುಕಾಲ ಹಚ್ಚಿದ ಸ್ಟಿರಾಯ್ಡ್ ಕಣ್ಣೊಳಗಿನ ಒತ್ತಡವನ್ನು ಏರಿಸಬಲ್ಲದು.

ಇಷ್ಟನ್ನೂ ಕ್ರಮವಾಗಿ ಮಾಡಿದರೆ ಒಂದೆರಡು ವಾರಗಳಲ್ಲಿ ಇಳಿಮುಖ ಕಾಣಬೇಕು. ನಾಲ್ಕು ವಾರಗಳಾದರೂ ಕಾಣದಿದ್ದರೆ ಅದು ಬೇರೆಯೇ ಇರಬಹುದೆಂದು ಯೋಚಿಸಬೇಕು. ಒಂದೇ ಕೆನ್ನೆಯಲ್ಲಿ, ಅಂಚು ಉಬ್ಬಿ ಉಂಗುರದಂತೆ ಹರಡುತ್ತಿದ್ದರೆ ಅದು ಹುಳುಕಡ್ಡಿಯಾಗಿರಬಹುದು. ಹುಬ್ಬುಗಳ ನಡುವೆ ಬಿಂದಿ ಕೂರುವಷ್ಟೇ ಜಾಗದಲ್ಲಿ ತುರಿಕೆಯಿದ್ದರೆ ಬಿಂದಿಯ ಅಂಟನ್ನು ಅಥವಾ ಕುಂಕುಮವನ್ನು ಅನುಮಾನಿಸಬೇಕು. ಮೊಣಕೈ, ಮೊಣಕಾಲುಗಳಲ್ಲಿಯೂ ದಪ್ಪ ಬೆಳ್ಳಿಬಣ್ಣದ ಪೊರೆಯಿದ್ದರೆ ಸೋರಿಯಾಸಿಸ್ ಇರಬಹುದು. ಎರಡೂ ಕೆನ್ನೆಗಳ ಮೇಲೆ ಕೆಂಪಿದ್ದು ಮೂಗಿನ ಪಕ್ಕದ ಸಂದು ಮಾತ್ರ ಸ್ವಚ್ಛವಾಗಿದ್ದು, ಬಿಸಿಲಿಗೆ ಹೆಚ್ಚಾಗಿ, ಕೀಲುನೋವು, ಜ್ವರವೂ ಇದ್ದರೆ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆಯ ಪರೀಕ್ಷೆಗೆ ತಡಮಾಡಬಾರದು. ಹಠಾತ್ತನೆ, ತೀವ್ರವಾಗಿ, ಮೈಯೆಲ್ಲ ಹರಡಿದ ಸೆಬೊರಿಕ್ ಡರ್ಮಟೈಟಿಸ್ ಕೆಲವೊಮ್ಮೆ ಎಚ್‌ಐವಿ ಸೋಂಕಿನ ಮೊದಲ ಸುಳಿವೂ ಆಗಿರುತ್ತದೆ, ಆದ್ದರಿಂದ ವೈದ್ಯರು ರಕ್ತಪರೀಕ್ಷೆ ಹೇಳಿದರೆ ಅದನ್ನು ಅವಮಾನವೆಂದು ತಿಳಿಯಬಾರದು.

ಈ ತೊಂದರೆಯನ್ನು ಬೇರುಸಹಿತ ಕಿತ್ತುಹಾಕುವ ಔಷಧಿಯಿಲ್ಲ, ಹತೋಟಿಯಲ್ಲಿಡುವ ಔಷಧಿಗಳಿವೆ. ಬಹಳ ಮಂದಿಯಲ್ಲಿ ಇದು ಚಳಿ ಮತ್ತು ಒಣಹವೆಯ ತಿಂಗಳುಗಳಲ್ಲಿ ಉಲ್ಬಣಿಸುತ್ತದೆ. ನಿದ್ದೆಗೆಟ್ಟಾಗ, ಮನಸ್ಸಿನ ಒತ್ತಡ ಹೆಚ್ಚಾದಾಗಲೂ ಹಾಗೆಯೇ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳಲ್ಲಿ ದೀಪಾವಳಿ ಕಳೆದು ಚಳಿ ಬಿದ್ದಾಗ ಹುಬ್ಬಿನಲ್ಲಿ ಮತ್ತೆ ಹೊಟ್ಟು ಕಂಡರೆ ಔಷಧಿ ಸೋತಿತೆಂದು ಅರ್ಥವಲ್ಲ. ಕರಾವಳಿಯಲ್ಲಿ ಬೆವರು ನಿಂತು ಉರಿಯುವುದು ಇನ್ನೊಂದು ಬಗೆಯ ಕಿರಿಕಿರಿ, ಅದಕ್ಕೆ ಬರಿಯ ನೀರಿನಿಂದ ಮುಖ ತೊಳೆದರೆ ಸಾಕು, ಪ್ರತಿಸಲ ಸೋಪು ಬೇಕಿಲ್ಲ. ಮುಖ ತಿಳಿಯಾದ ಮೇಲೆಯೂ ವಾರಕ್ಕೆ ಒಂದೆರಡು ಬಾರಿ ಕ್ರೀಮು, ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಶಾಂಪೂ ಮುಂದುವರಿಸಲು ವೈದ್ಯರು ಹೇಳುವುದು ಮರುಕಳಿಕೆಯನ್ನು ದೂರವಿಡಲು.

ಕಂದು ಚರ್ಮದವರಲ್ಲಿ ಮತ್ತೊಂದು ವಿಷಯ ಗಾಬರಿ ಹುಟ್ಟಿಸುತ್ತದೆ. ಕೆಂಪು ಎಂದು ಬರೆದೆನಾದರೂ ನಮ್ಮ ಎಷ್ಟೋ ಜನರ ಮುಖದಲ್ಲಿ ಅದು ಕೆಂಪಾಗಿ ಕಾಣುವುದೇ ಇಲ್ಲ. ಮೂಗಿನ ಪಕ್ಕ, ಹುಬ್ಬಿನ ಮೇಲೆ ಸುತ್ತಲಿನ ಬಣ್ಣಕ್ಕಿಂತ ತಿಳಿಯಾದ ಮಚ್ಚೆಗಳಾಗಿ ತೋರುತ್ತದೆ, ಮನೆಯವರು ತೊನ್ನೆಂದು ಕಂಗಾಲಾಗುತ್ತಾರೆ. ತೊನ್ನಿನ ಮಚ್ಚೆ ಸುಣ್ಣದಂತೆ ಅಚ್ಚ ಬಿಳಿಯಾಗಿರುತ್ತದೆ, ಅದರ ಮೇಲೆ ಸಿಪ್ಪೆಯಿರುವುದಿಲ್ಲ. ಇಲ್ಲಿ ಬಣ್ಣ ಮಸುಕಾಗಿರುತ್ತದೆಯಷ್ಟೇ, ಜೊತೆಗೆ ಸಿಪ್ಪೆಯೂ ತುರಿಕೆಯೂ ಇರುತ್ತವೆ. ಮಚ್ಚೆಯ ಮೇಲೆ ಮುಟ್ಟಿದ್ದು ತಿಳಿಯದಿದ್ದರೆ ಕುಷ್ಠರೋಗವನ್ನು ಪರೀಕ್ಷಿಸಲೇಬೇಕು, ಅದಕ್ಕೆ ತಾಲೂಕು ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆಯಿದೆ. ಸೆಬೊರಿಕ್ ಡರ್ಮಟೈಟಿಸ್‌ನ ಮಸುಕಿಗೆ ಪ್ರತ್ಯೇಕವಾದ ಬಣ್ಣದ ಮುಲಾಮು ಬೇಕಿಲ್ಲ. ಉರಿಯೂತ ಅಡಗಿದ ಮೇಲೆ ಚರ್ಮ ಕೆಲವು ವಾರಗಳಲ್ಲಿ, ಕೆಲವರಲ್ಲಿ ಕೆಲವು ತಿಂಗಳುಗಳಲ್ಲಿ, ತನ್ನ ಬಣ್ಣವನ್ನು ತಾನೇ ತುಂಬಿಕೊಳ್ಳುತ್ತದೆ. ಈ ನಡುವೆ ಸಿಪ್ಪೆ ನಿಂತು ಬಣ್ಣ ಮಾತ್ರ ಬಾಕಿಯಿದ್ದರೆ ಕೀಟೊಕೊನಜೋಲನ್ನು ಹೆಚ್ಚಿಸುವ ಅಗತ್ಯವಿಲ್ಲ.