ಒಂದು ಬಾಡಿಗೆ ಮನೆ, ಮೂರು ರೇಟು: ಏಜೆಂಟರ ವಾಟ್ಸಾಪ್ ಕ್ಯಾಟಲಾಗ್

ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್‌ನಲ್ಲಿ ಬೆಲೆಗೆ ಇರುವುದು ಒಂದೇ ಖಾನೆ. ಬೆಂಗಳೂರಿನ ಬಾಡಿಗೆ ಮನೆಗೆ ಬಾಡಿಗೆ, ಅಡ್ವಾನ್ಸ್, ಮೇಂಟೆನೆನ್ಸ್ ಅಂತ ಮೂರು ಲೆಕ್ಕ. ವಿಜಯನಗರದ ಕಡೆ ಮನೆ ತೋರಿಸುವ ನನಗೆ ಮೊದಲ ದಿನವೇ ಕೈ ತಡೆದಿದ್ದು ಇಲ್ಲಿ. ಬೆಲೆ ಹಾಕದೆ ಬಿಟ್ಟು ನೋಡಿದೆ, ದಿನವಿಡೀ ‘ರೇಟ್ ಎಷ್ಟು ಸಾರ್’ ಅನ್ನೋ ಮೆಸೇಜೇ ಬಂತು. ಒಂದು ರೂಪಾಯಿ ಅಂತ ಹಾಕುವವರೂ ಇದ್ದಾರೆ, ಅದನ್ನು ನೋಡಿದವರು ಸುಳ್ಳು ಜಾಹೀರಾತು ಅಂದುಕೊಂಡು ಮುಂದೆ ಹೋಗುತ್ತಾರೆ.

ಈಗ ಆ ಖಾನೆಯಲ್ಲಿ ತಿಂಗಳ ಬಾಡಿಗೆ ಮಾತ್ರ ಹಾಕುತ್ತೇನೆ. ಹಂಪಿನಗರದ ಒಂದು ಮನೆಯನ್ನೇ ತಗೊಳ್ಳಿ. ಬೆಲೆ 22,000. ಹೆಸರಿನ ಜಾಗದಲ್ಲಿ ‘ಹಂಪಿನಗರ 2 ಬಿಎಚ್‌ಕೆ, 1ನೇ ಮಹಡಿ, HN-14’. ವಿವರಣೆಯ ಮೊದಲ ಸಾಲಿನಲ್ಲೇ ‘ಅಡ್ವಾನ್ಸ್ 1,50,000, ಮೇಂಟೆನೆನ್ಸ್ 500, ಕಾವೇರಿ ಮತ್ತು ಬೋರ್ ನೀರು’. ವಿವರಣೆ ಉದ್ದವಾದರೆ ಕೆಳಗಿನ ಸಾಲುಗಳನ್ನು ಯಾರೂ ಒತ್ತಿ ತೆಗೆದು ಓದಲ್ಲ, ಅದಕ್ಕೇ ದುಡ್ಡು ಮತ್ತು ನೀರು ಮೇಲೆ, ಕಬೋರ್ಡು ಗೀಸರ್ ಎಲ್ಲ ಆಮೇಲೆ.

HN-14 ಅನ್ನೋದು ನಾನೇ ಕೊಟ್ಟ ನಂಬರು. ಕ್ಯಾಟಲಾಗ್ ಒಳಗಿಂದ ಮೆಸೇಜ್ ಮಾಡಿದರೆ ಯಾವ ಮನೆ ಅಂತ ಚಾಟ್‌ನಲ್ಲೇ ಕಾಣುತ್ತೆ. ಆದರೆ ಅರ್ಧ ಜನ ಸ್ಕ್ರೀನ್‌ಶಾಟ್ ತೆಗೆದು ಭಾವನಿಗೋ ಆಫೀಸಿನವರಿಗೋ ಕಳಿಸುತ್ತಾರೆ, ಅವರು ಮೂರು ದಿನ ಬಿಟ್ಟು ‘ಈ ಮನೆ ಇದೆಯಾ’ ಅಂತ ಕೇಳುತ್ತಾರೆ. ಹೆಸರಿನಲ್ಲೇ ನಂಬರು ಇದ್ದರೆ ಸ್ಕ್ರೀನ್‌ಶಾಟ್‌ನಲ್ಲೂ ಅದು ಬಂದಿರುತ್ತೆ.

ಫೋಟೊ 10ರವರೆಗೆ ಹಾಕಬಹುದು, ನಾನು ಏಳೆಂಟಕ್ಕೆ ನಿಲ್ಲಿಸುತ್ತೇನೆ. ಪಟ್ಟಿಯಲ್ಲಿ ಮೊದಲ ಫೋಟೊ ಚೌಕವಾಗಿ ಕತ್ತರಿಸಿಕೊಂಡು ಕಾಣುತ್ತೆ, ಅಡ್ಡ ಹಿಡಿದು ತೆಗೆದ ಹಾಲ್‌ನಲ್ಲಿ ಕಿಟಕಿಯೂ ಬಾಗಿಲೂ ಹೋಗಿ ಬರೀ ಗೋಡೆ ಉಳಿಯುತ್ತೆ. ಹಾಗಾಗಿ ಮೊದಲನೆಯದನ್ನು ಫೋನಿನ ಚೌಕ ಅಳತೆಯಲ್ಲೇ, ಹಾಲ್‌ನ ಮೂಲೆಯಲ್ಲಿ ನಿಂತು, ಎದೆಯ ಎತ್ತರದಲ್ಲಿ ಹಿಡಿದು ತೆಗೆಯಿರಿ. ವೈಡ್ ಆಂಗಲ್ ಬೇಡ. ಹತ್ತಡಿ ರೂಮು ಫೋಟೊದಲ್ಲಿ ಮದುವೆ ಛತ್ರದ ಥರ ಕಂಡರೆ, ನೋಡಲು ಬಂದವರು ಬಾಗಿಲಲ್ಲೇ ಮುಖ ಗಂಟಿಕ್ಕುತ್ತಾರೆ, ನಿಮ್ಮ ಅರ್ಧ ದಿನ ಹೋಯ್ತು. ಬಾತ್‌ರೂಮು, ಬೈಕ್ ನಿಲ್ಲಿಸುವ ಜಾಗ, ಮನೆ ಮುಂದಿನ ರಸ್ತೆ ಇವು ಮೂರೂ ಇರಲಿ. ಸಾಮಾನಿನ ಗಾಡಿ ಒಳಗೆ ಬರುತ್ತಾ ಅಂತ ರಸ್ತೆಯ ಫೋಟೊ ನೋಡಿಯೇ ಗೊತ್ತಾಗಬೇಕು. ಓನರ್ ಹೆಸರಿನ ಬೋರ್ಡು, ಮನೆ ನಂಬರು ಬೀಳದಂತೆ ನೋಡಿಕೊಳ್ಳಿ.

ಸೇವ್ ಮಾಡಿದ ಕೂಡಲೇ ಲಿಂಕ್ ಕಳಿಸಬೇಡಿ. ವಾಟ್ಸಾಪ್‌ನವರು ಒಮ್ಮೆ ಪರಿಶೀಲಿಸಿದ ಮೇಲೇ ಅದು ಬೇರೆಯವರಿಗೆ ಕಾಣುವುದು. ನಿಮ್ಮ ಫೋನಲ್ಲಿ ಕಾಣಿಸಿತು ಅಂತ ನಂಬದೆ ಮನೆಯವರ ಫೋನಲ್ಲಿ ತೆರೆದು ನೋಡಿ. ಹಾಗೇ ಸೆಟ್ಟಿಂಗ್ಸ್‌ನಲ್ಲಿ ಕಾರ್ಟ್ ಬಟನ್ ಆಫ್ ಮಾಡಿಬಿಡಿ, ಮನೆಯನ್ನು ಯಾರೂ ಟೊಮೆಟೊ ಥರ ಬುಟ್ಟಿಗೆ ಹಾಕಲ್ಲ ಅಲ್ವಾ.

ಇನ್ನು ಉತ್ತರ. ಕ್ವಿಕ್ ರಿಪ್ಲೈನಲ್ಲಿ /mane ಅಂತ ಒಂದು ಸೇವ್ ಮಾಡಿದ್ದೇನೆ. ಚಾಟ್‌ನಲ್ಲಿ ಆ ಗೆರೆ ಒತ್ತಿ ಆರಿಸಿದರೆ ಇಷ್ಟು ಬರುತ್ತೆ, ಖಾಲಿ ಜಾಗ ತುಂಬಿ ಕಳಿಸಿದರಾಯ್ತು:

ನಮಸ್ಕಾರ. ಮನೆ ನಂ. ___ ಇವತ್ತಿಗೆ ಖಾಲಿ ಇದೆ.
ಬಾಡಿಗೆ ___, ಅಡ್ವಾನ್ಸ್ ___, ಮೇಂಟೆನೆನ್ಸ್ ___.
ನಮ್ಮ ಕಮಿಷನ್ ಒಂದು ತಿಂಗಳ ಬಾಡಿಗೆ, ಅಗ್ರಿಮೆಂಟ್ ಆದ ದಿನ.
ಎಷ್ಟು ಜನ ಇರ್ತೀರಿ? ಯಾವಾಗ ಶಿಫ್ಟ್ ಆಗಬೇಕು? ಕಾರ್ ಇದೆಯಾ?
ನೋಡಲು: ಇವತ್ತು ಸಂಜೆ 6 ಅಥವಾ ನಾಳೆ ಬೆಳಿಗ್ಗೆ 10. ಯಾವುದು ಆಗುತ್ತೆ?

ಕಮಿಷನ್ ಮೊದಲ ಮೆಸೇಜಲ್ಲೇ ಯಾಕೆ ಅಂತ ಜೊತೆಗಾರರು ಕೇಳುತ್ತಾರೆ. ಮನೆ ಒಪ್ಪಿ ಆದ ಮೇಲೆ ಹೇಳಿದರೆ ಚೌಕಾಸಿ ಜಾಸ್ತಿ, ಮನಸ್ತಾಪವೂ ಜಾಸ್ತಿ. ಕೊನೆಯ ಸಾಲಲ್ಲಿ ಎರಡು ಹೊತ್ತು ಕೊಟ್ಟಿರುವುದೂ ಬೇಕಂತಲೇ. ‘ಯಾವಾಗ ಬರ್ತೀರಿ’ ಅಂದರೆ ‘ಹೇಳ್ತೀನಿ ಸಾರ್’ ಅಂತಾರೆ, ಅಲ್ಲಿಗೆ ಮುಗೀತು. ಇದನ್ನೆಲ್ಲ ತಾನಾಗಿ ಹೋಗುವ ಗ್ರೀಟಿಂಗ್ ಮೆಸೇಜಿಗೆ ಹಾಕಬೇಡಿ. ಅದು ಮೊದಲ ಸಲ ಬರೆದವರಿಗೆ, ಇಲ್ಲವೇ 14 ದಿನ ಮಾತೇ ಇಲ್ಲದಿದ್ದವರಿಗೆ ಮಾತ್ರ ಹೋಗುತ್ತೆ.

‘ಇವತ್ತಿಗೆ’ ಅನ್ನೋ ಪದ ಸೇರಿಸಿದ್ದು ಒಂದು ಪೆಟ್ಟು ತಿಂದ ಮೇಲೆ. ಒಂದು ಭಾನುವಾರ ಮನೆ ಕೊಟ್ಟಾಗಿತ್ತು, ಕ್ಯಾಟಲಾಗ್‌ನಿಂದ ತೆಗೆಯಲು ಮರೆತಿದ್ದೆ. ಸೋಮವಾರ ನಾನು ಬೇರೆ ಕೆಲಸದಲ್ಲಿದ್ದಾಗ ಸುಮ್ನೆ ಅದೇ ಉತ್ತರ ಒತ್ತಿ ಕಳಿಸಿಬಿಟ್ಟೆ. ಎಲೆಕ್ಟ್ರಾನಿಕ್ ಸಿಟಿಯಿಂದ ಗಂಡ ಹೆಂಡತಿ ಮಗು ಎತ್ತಿಕೊಂಡು ಬಂದರು. ಬಾಗಿಲು ತೆಗೆದವರು ಹೊಸ ಬಾಡಿಗೆಯವರು.

ಈಗ ಟೋಕನ್ ದುಡ್ಡು ಕೈಗೆ ಬಂದ ಕ್ಷಣ ಆ ಮನೆಯನ್ನು ಹೈಡ್ ಮಾಡುತ್ತೇನೆ. ಡಿಲೀಟ್ ಮಾಡಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದು ಅದೇ ಓನರ್ ‘ಮತ್ತೆ ಖಾಲಿ ಆಯ್ತಪ್ಪ’ ಅಂತ ಫೋನ್ ಮಾಡಿದರೆ, ಫೋಟೊ, ವಿವರಣೆ, ನಂಬರು ಎಲ್ಲ ಅಲ್ಲೇ ಇರುತ್ತೆ. ಬಾಡಿಗೆ ಎಷ್ಟು ಏರಿಸಿದ್ದಾರೆ ಅಂತ ಕೇಳಿ ತಿದ್ದಬೇಕು, ಅಷ್ಟೇ.