ಪಿಎಫ್ ಪಾಸ್‌ಬುಕ್ ಓದುವುದು: ಡ್ಯೂ ಮಂತ್ ಗೊಂದಲ, ಹೆಸರಿನ ಇನಿಷಿಯಲ್, ಕ್ಲೇಮಿಗೆ ಮುಂಚಿನ ತಿದ್ದುಪಡಿ

ಕ್ಲೇಮ್ ತಿರಸ್ಕಾರವಾಗಿ ಬಂದ ಮೇಲೆ ಪಾಸ್‌ಬುಕ್ ತೆರೆಯುವವರೇ ಹೆಚ್ಚು. ಅದನ್ನು ಮೊದಲೇ ತೆರೆದು, ಸರ್ವಿಸ್ ಹಿಸ್ಟರಿಯ ಪಕ್ಕದಲ್ಲಿಟ್ಟು ಓದಿದರೆ ತೊಡಕು ಎಲ್ಲಿದೆ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಯುಎಎನ್ ಆಕ್ಟಿವೇಟ್ ಮಾಡುವುದು, ಪಾಸ್‌ವರ್ಡ್ ಬದಲಿಸುವುದು ಇಲ್ಲಿ ಬರೆದಿಲ್ಲ. ಪಾಸ್‌ಬುಕ್ passbook.epfindia.gov.in ನಲ್ಲಿ ಸಿಗುತ್ತದೆ, ತಿದ್ದುಪಡಿ ಮತ್ತು ಕ್ಲೇಮ್ ಎರಡೂ ಮೆಂಬರ್ ಪೋರ್ಟಲ್‌ನಲ್ಲಿ. ಕಂಪನಿ ತನ್ನದೇ ಟ್ರಸ್ಟ್ ಮೂಲಕ ಪಿಎಫ್ ನಡೆಸುತ್ತಿದ್ದರೆ ಈ ಪಾಸ್‌ಬುಕ್ ಇರುವುದಿಲ್ಲ, ಲೆಕ್ಕವನ್ನು ಆ ಟ್ರಸ್ಟ್‌ನಿಂದಲೇ ಕೇಳಿ ಪಡೆಯಬೇಕು.

ಒಂದು ಯುಎಎನ್, ಹಲವು ಮೆಂಬರ್ ಐಡಿ

ಯುಎಎನ್ 12 ಅಂಕಿಯದು, ಕೆಲಸ ಬದಲಿಸಿದರೂ ಅದು ಬದಲಾಗುವುದಿಲ್ಲ. ಮೆಂಬರ್ ಐಡಿ ಮಾತ್ರ ಪ್ರತಿ ಕಂಪನಿಗೂ ಬೇರೆ. BGBNG ಎಂದು ಶುರುವಾದರೆ ಬೆಂಗಳೂರು ಕಚೇರಿಯ ಖಾತೆ. ಮುಂದೆ ಕಂಪನಿಯ ಸಂಖ್ಯೆ, ಕೊನೆಯ ಏಳು ಅಂಕಿ ಆ ಕಂಪನಿಯಲ್ಲಿ ನಿಮ್ಮ ಸಂಖ್ಯೆ. ಪಾಸ್‌ಬುಕ್ ಇರುವುದು ಮೆಂಬರ್ ಐಡಿಗೆ ಒಂದರಂತೆ. ಮೂರು ಕಡೆ ಕೆಲಸ ಮಾಡಿದ್ದರೆ ಮೂರು ಪಾಸ್‌ಬುಕ್. ಮೂರನ್ನೂ ಇಳಿಸಿಕೊಂಡು ಪ್ರತಿಯೊಂದರ ತಲೆಭಾಗದಲ್ಲಿರುವ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಅಕ್ಷರ ಅಕ್ಷರ ಹೋಲಿಸಿ. ಹೊಸ ಕಂಪನಿಯ ದಾಖಲೆ ಸರಿಯಿದ್ದು ಹಳೆಯದರಲ್ಲಿ ತಪ್ಪಿದ್ದರೂ ವರ್ಗಾವಣೆ ಅಲ್ಲೇ ನಿಲ್ಲುತ್ತದೆ.

ಒಂದು ಸಾಲನ್ನು ಪೂರ್ತಿ ಓದೋಣ

```
Jun-2021  14-07-2021  CR  Cont. For Due-Month 072021
14,000  14,000  1,680  514  1,166
```

ಮೊದಲ ಎರಡು 14,000 ಪಿಎಫ್ ಸಂಬಳ ಮತ್ತು ಪಿಂಚಣಿ ಸಂಬಳ, ಅಂದರೆ ಬೇಸಿಕ್ ಮತ್ತು ಡಿಎ ಸೇರಿದ ಮೊತ್ತ. 1,680 ನಿಮ್ಮ ಪಾಲು, 14,000ದ ಶೇ. 12. ಕಂಪನಿಯೂ ಅಷ್ಟೇ ಕೊಡುತ್ತದೆ, ಆದರೆ ಅದು ಇಬ್ಭಾಗವಾಗುತ್ತದೆ. ಶೇ. 8.33, ಅಂದರೆ 1,166 ರೂಪಾಯಿ ಪಿಂಚಣಿಗೆ ಹೋಗಿ ಉಳಿದ 514 ಪಿಎಫ್‌ಗೆ ಬರುತ್ತದೆ. 514 ಮತ್ತು 1,166 ಕೂಡಿದರೆ 1,680 ಬರಲೇಬೇಕು. ಸಂಬಳ ಎಷ್ಟೇ ಇದ್ದರೂ ಪಿಂಚಣಿಯ ಪಾಲನ್ನು 15,000 ರೂಪಾಯಿಯ ಮೇಲೆ ಮಾತ್ರ ಲೆಕ್ಕ ಹಾಕುವುದರಿಂದ ಈ ಕಾಲಂ ಸಾಮಾನ್ಯವಾಗಿ 1,250 ದಾಟುವುದಿಲ್ಲ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿ, ಆಗಲೇ ಸಂಬಳ 15,000 ದಾಟಿದ್ದವರು ಪಿಂಚಣಿ ಯೋಜನೆಗೆ ಸೇರುವುದಿಲ್ಲ. ಅವರ ಪಾಸ್‌ಬುಕ್‌ನಲ್ಲಿ ಪಿಂಚಣಿ ಕಾಲಂ ಸೊನ್ನೆ ಇರುವುದೇ ಸರಿ. ಅಲ್ಲಿ 1,250 ಕಂಡರೆ ಕಂಪನಿ ತಪ್ಪಾಗಿ ಕಟ್ಟಿದೆ ಎಂದು ಅರ್ಥ, ಕ್ಲೇಮಿಗೆ ಮುಂಚೆ ಎಚ್‌ಆರ್‌ ಹತ್ತಿರ ಮಾತಾಡಿ.

ಎಲ್ಲರೂ ಎಡವುವ ಜಾಗ: ವೇಜ್ ಮಂತ್ ಮತ್ತು ಡ್ಯೂ ಮಂತ್

ಮೇಲಿನ ಸಾಲನ್ನು ಇನ್ನೊಮ್ಮೆ ನೋಡಿ. ಒಂದೇ ಸಾಲಿನಲ್ಲಿ ಜೂನ್ ಇದೆ, ಜುಲೈ ಎರಡು ಸಲ ಇದೆ. ಕೆಲಸ ಮಾಡಿದ್ದು ಯಾವ ತಿಂಗಳು?

ಜೂನ್. ಸಾಲಿನ ಮೊದಲಿಗೆ ಇರುವುದು ವೇಜ್ ಮಂತ್, ಅಂದರೆ ನೀವು ದುಡಿದ ತಿಂಗಳು. ಆ ತಿಂಗಳ ಪಿಎಫ್ ಹಣವನ್ನು ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಹಾಗೆ ಕಟ್ಟಬೇಕಾದ ತಿಂಗಳೇ ಡ್ಯೂ ಮಂತ್. ಹಾಗಾಗಿ 072021 ಎಂದರೆ ಜುಲೈಯಲ್ಲಿ ಕಟ್ಟಬೇಕಾಗಿದ್ದ ಜೂನ್ ತಿಂಗಳ ಹಣ. ನಡುವಿನ 14-07-2021 ಹಣ ಕಟ್ಟಿದ ದಿನ. ಡ್ಯೂ ಮಂತ್‌ನಲ್ಲಿ ಒಂದು ಕಳೆದರೆ ದುಡಿದ ತಿಂಗಳು ಸಿಗುತ್ತದೆ, ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಪಾಸ್‌ಬುಕ್‌ನ ವರ್ಷ ಏಪ್ರಿಲ್ ಸಂಬಳದ ಬದಲು ಮಾರ್ಚ್ ಸಂಬಳದಿಂದ ಶುರುವಾಗುವುದು ಏಕೆ ಎಂಬುದಕ್ಕೂ ಇದೇ ಉತ್ತರ. ಮಾರ್ಚ್ ಸಂಬಳದ ಹಣ ಬರುವುದು ಏಪ್ರಿಲ್‌ನಲ್ಲಿ. ವರ್ಷದ ಹನ್ನೆರಡು ಸಾಲು ಎಣಿಸಿ, ಮಾರ್ಚ್ ಸಾಲು ಕಾಣೆಯಾಗಿದೆ ಎಂದು ದೂರು ಕೊಡಲು ಹೊರಡುವವರಿದ್ದಾರೆ. ಅದು ಮುಂದಿನ ವರ್ಷದ ಪುಟದಲ್ಲಿ ಮೊದಲನೆಯ ಸಾಲಾಗಿ ಕೂತಿರುತ್ತದೆ.

ಈ ಒಂದು ತಿಂಗಳ ಅಂತರ ಕ್ಲೇಮಿಗೆ ತೊಡಕಾಗುವುದು ಕೆಲಸ ಬಿಟ್ಟ ದಿನಾಂಕದಲ್ಲಿ. ಒಂದು ಉದಾಹರಣೆಯನ್ನು ಕೊನೆವರೆಗೆ ನೋಡೋಣ. ಒಬ್ಬರು ಮೊದಲ ಕಂಪನಿಯನ್ನು 2021ರ ಜೂನ್ 30ರಂದು ಬಿಟ್ಟು ಜುಲೈ 5ಕ್ಕೆ ಎರಡನೆಯದಕ್ಕೆ ಸೇರುತ್ತಾರೆ. ಮೊದಲ ಕಂಪನಿಯಲ್ಲಿ ದಾಖಲೆ ತುಂಬುವವರು ಕೊನೆಯ ಪಾವತಿ 072021 ಎಂದಿರುವುದನ್ನು ನೋಡಿ ಬಿಟ್ಟ ದಿನಾಂಕ 31-07-2021 ಎಂದು ಹಾಕಿಬಿಡುತ್ತಾರೆ. ಈಗ ಮೆಂಬರ್ ಪೋರ್ಟಲ್‌ನ `View` ಅಡಿಯ `Service History` ತೆರೆದರೆ ಜುಲೈ 5ರಿಂದ 31ರವರೆಗೆ ಆ ವ್ಯಕ್ತಿ ಎರಡೂ ಕಂಪನಿಗಳಲ್ಲಿ ಇದ್ದಂತೆ ಕಾಣುತ್ತದೆ. ಮೇಲಾಗಿ, ಮೊದಲ ಖಾತೆಗೆ ಜುಲೈ ತಿಂಗಳ ಸಂಬಳದ ಸಾಲೇ ಇಲ್ಲ. ಅತಿವ್ಯಾಪ್ತಿ ಒಂದು, ಹಣವಿಲ್ಲದ ತಿಂಗಳು ಇನ್ನೊಂದು. ತಪ್ಪು ಒಂದೇ ಆದರೂ ಎರಡು ಪ್ರಶ್ನೆ ಏಳುತ್ತವೆ.

ಇದನ್ನು ಪತ್ತೆ ಮಾಡಲು ಪ್ರತಿ ಮೆಂಬರ್ ಐಡಿಗೂ ಮೂರು ವಿಷಯ ಒಂದು ಕಾಗದದ ಮೇಲೆ ಬರೆದುಕೊಳ್ಳಿ: ಪಾಸ್‌ಬುಕ್‌ನ ಕೊನೆಯ ವೇಜ್ ಮಂತ್, ಸರ್ವಿಸ್ ಹಿಸ್ಟರಿಯ ಬಿಟ್ಟ ದಿನಾಂಕ, ರಿಲೀವಿಂಗ್ ಲೆಟರ್‌ನಲ್ಲಿರುವ ದಿನಾಂಕ. ಮೂರೂ ಒಂದೇ ತಿಂಗಳಿಗೆ ಬಂದರೆ ಮುಂದಕ್ಕೆ ಹೋಗಿ. ಉದಾಹರಣೆಯವರ ಕಾಗದದಲ್ಲಿ ಜೂನ್, ಜುಲೈ, ಜೂನ್ ಎಂದು ಬರುತ್ತದೆ, ತಪ್ಪು ನಡುವಿನದು ಎಂದು ಕಣ್ಣಿಗೆ ಹೊಡೆಯುತ್ತದೆ.

ಬಿಟ್ಟ ದಿನಾಂಕವನ್ನೇ ಕಂಪನಿ ತುಂಬಿಲ್ಲದಿದ್ದರೆ ಕೆಲಸ ಇನ್ನೂ ಸುಲಭ. ಕೊನೆಯ ಹಣ ಬಂದು ಎರಡು ತಿಂಗಳಾದ ಮೇಲೆ `Manage` ಒಳಗಿನ `Mark Exit` ನಲ್ಲಿ ನೀವೇ ಆಧಾರ್ ಒಟಿಪಿ ಕೊಟ್ಟು ತುಂಬಬಹುದು. ರಿಲೀವಿಂಗ್ ಲೆಟರ್ ಎದುರಿಗಿಟ್ಟುಕೊಂಡೇ ತುಂಬಿ, ಏಕೆಂದರೆ ಒಮ್ಮೆ ಒಪ್ಪಿಸಿದ ದಿನಾಂಕವನ್ನು ಅದೇ ಜಾಗದಲ್ಲಿ ಮತ್ತೆ ತಿದ್ದಲು ಬರುವುದಿಲ್ಲ.

ಹೆಸರು: ಇನಿಷಿಯಲ್ ಬಿಡಿಸುವುದರಲ್ಲೇ ತೊಂದರೆ

ನಮ್ಮ ಕಡೆ ಹೆಸರಿನ ಹಿಂದೆಯೋ ಮುಂದೆಯೋ ಒಂದು ಅಕ್ಷರ ಇರುತ್ತದೆ. ಪಿಎಫ್‌ನಲ್ಲಿ `MANJUNATHA H`, ಆಧಾರ್‌ನಲ್ಲಿ `Manjunath Hanumanthappa`, ಪ್ಯಾನ್‌ನಲ್ಲಿ `H MANJUNATH` ಎಂದಿದ್ದರೆ ಓದುವ ಮನುಷ್ಯನಿಗೆ ಮೂವರೂ ಒಬ್ಬರೇ, ಯಂತ್ರಕ್ಕೆ ಮೂವರು ಬೇರೆ. ಇಲ್ಲಿ ಎರಡು ಭೇದಗಳಿವೆ. ಕೊನೆಯ `A` ಉಚ್ಚಾರದ ಭೇದ, `H` ಮತ್ತು `Hanumanthappa` ಇನಿಷಿಯಲ್ ಬಿಡಿಸಿದ ಭೇದ. ಒಂದನ್ನು ಸರಿ ಮಾಡಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನವಿಲ್ಲ.

ತಿದ್ದುವ ಕ್ರಮ ಬಹಳ ಮುಖ್ಯ. ಪಿಎಫ್ ದಾಖಲೆಯನ್ನು ಆಧಾರ್‌ಗೆ ಹೊಂದಿಸಬೇಕಾಗಿರುವುದರಿಂದ ಮೊದಲು ಆಧಾರ್ ಸರಿಯಿದೆಯೇ ಎಂದು ನೋಡಿ. ಆಧಾರ್‌ನಲ್ಲೇ ತಪ್ಪಿದ್ದರೆ ಅದನ್ನು ಮೊದಲು ತಿದ್ದಿಸಿ. ಅಲ್ಲಿ ಹೆಸರನ್ನು ಜೀವನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದು ಸಲ ಮಾತ್ರ ಬದಲಿಸಲು ಅವಕಾಶ, ಹಾಗಾಗಿ ಅವಸರ ಬೇಡ. ಆಮೇಲೆ ಪಿಎಫ್ ಪ್ರೊಫೈಲ್, ಕೊನೆಗೆ ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ಕೆವೈಸಿ. ಹಿಂದುಮುಂದಾಗಿ ಮಾಡಿದರೆ ಹಳೆಯ ಹೆಸರಿಗೆ ಜೋಡಿಸಿದ ಪ್ಯಾನ್ ಹೊಸ ಹೆಸರಿಗೆ ಹೊಂದದೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಜಾಯಿಂಟ್ ಡಿಕ್ಲರೇಷನ್: ನಿಮ್ಮದು ಯಾವ ದಾರಿ

ತಿದ್ದುಪಡಿಯ ಅರ್ಜಿ `Manage` ಒಳಗಿನ `Joint Declaration` ನಲ್ಲಿದೆ. 2025ರ ಜನವರಿಯಲ್ಲಿ ಇದರ ನಿಯಮ ಸರಳವಾಯಿತು, ಹಳೆಯ ವಿಡಿಯೋಗಳನ್ನು ನೋಡಿ ಗೊಂದಲಕ್ಕೆ ಬೀಳಬೇಡಿ. ಯುಎಎನ್ 2017ರ ಅಕ್ಟೋಬರ್ 1ರ ನಂತರ ಆಧಾರ್ ಆಧಾರದ ಮೇಲೆ ಸಿಕ್ಕಿದ್ದರೆ ಹೆಸರು, ಹುಟ್ಟಿದ ದಿನಾಂಕ, ಲಿಂಗ, ತಂದೆ ತಾಯಿಯ ಹೆಸರು, ವೈವಾಹಿಕ ಸ್ಥಿತಿ, ಸೇರಿದ ಮತ್ತು ಬಿಟ್ಟ ದಿನಾಂಕ ಇವನ್ನೆಲ್ಲ ಕಾಗದ ಲಗತ್ತಿಸದೆ, ಕಂಪನಿಯ ಒಪ್ಪಿಗೆಗೂ ಕಾಯದೆ ನೀವೇ ತಿದ್ದಬಹುದು. ಅದಕ್ಕಿಂತ ಹಳೆಯ ಯುಎಎನ್ ಆದರೆ ಅರ್ಜಿ ಕಂಪನಿಯ ಲಾಗಿನ್‌ಗೆ ಹೋಗುತ್ತದೆ, ಅವರು ದಾಖಲೆ ನೋಡಿ ಒಪ್ಪಬೇಕು. ಆಧಾರ್ ಜೋಡಣೆಯೇ ಆಗಿಲ್ಲದಿದ್ದರೆ ಕಾಗದದ ಅರ್ಜಿಯೇ ಗತಿ, ಅದು ಕಂಪನಿಯ ಮೂಲಕ ಪಿಎಫ್ ಕಚೇರಿಗೆ ಹೋಗಬೇಕು.

ಕಂಪನಿ ತನ್ನ ಮೆಂಬರ್ ಐಡಿಯ ದಾಖಲೆಯನ್ನು ಮಾತ್ರ ಮುಟ್ಟಬಹುದು. ಉದಾಹರಣೆಯವರ ಯುಎಎನ್ 2016ರದ್ದಾದರೆ ಜುಲೈ 31 ಎಂಬ ತಪ್ಪನ್ನು ತಿದ್ದಬೇಕಾದ್ದು ಮೊದಲ ಕಂಪನಿ. ಈಗಿನ ಕಂಪನಿಯ ಎಚ್‌ಆರ್‌ ಎಷ್ಟೇ ಒಳ್ಳೆಯವರಾಗಿದ್ದರೂ ಅವರ ಕೈಯಲ್ಲಿಲ್ಲ. ಹಳೆಯ ಕಂಪನಿಗೆ ಪತ್ರ ಬರೆಯುವಾಗ ಮೆಂಬರ್ ಐಡಿ, ಈಗಿರುವ ದಿನಾಂಕ, ಬೇಕಾದ ದಿನಾಂಕ ಇಷ್ಟನ್ನು ಬರೆದು, ರಿಲೀವಿಂಗ್ ಲೆಟರ್ ಮತ್ತು ಪಾಸ್‌ಬುಕ್‌ನ ಕೊನೆಯ ಪುಟ ಲಗತ್ತಿಸಿ. ಕಂಪನಿ ಮುಚ್ಚಿಹೋಗಿದ್ದರೆ ಗೆಜೆಟೆಡ್ ಅಧಿಕಾರಿಯಂಥವರ ದೃಢೀಕರಣದೊಂದಿಗೆ ಪಿಎಫ್ ಕಚೇರಿಗೆ ಕಾಗದದ ಅರ್ಜಿ ಕೊಡಬೇಕು.

ಒಂದೇ ಮೆಂಬರ್ ಐಡಿಯಲ್ಲಿ ಹೆಸರು, ತಂದೆಯ ಹೆಸರು, ಬಿಟ್ಟ ದಿನಾಂಕ ಮೂರೂ ತಪ್ಪಿದ್ದರೆ ಒಂದೇ ಅರ್ಜಿಯಲ್ಲಿ ಕೇಳುವುದು ಒಳ್ಳೆಯದು. ಒಂದು ಬಾಕಿ ಇರುವಾಗ ಇನ್ನೊಂದು ಎಂದು ಎಳೆಯುತ್ತಾ ಹೋದರೆ ತಿಂಗಳುಗಳು ಕಳೆಯುತ್ತವೆ.

ವರ್ಗಾವಣೆ ಆದ ಮೇಲೆ ಪಿಂಚಣಿ ಎಲ್ಲಿ ಹೋಯಿತು?

ದಾಖಲೆ ಸರಿಯಾದ ಮೇಲೆ `One Member – One EPF Account` ನಿಂದ ವರ್ಗಾವಣೆ ಕೇಳುತ್ತೀರಿ. ಹಣ ಬಂದ ದಿನ ಹೊಸ ಪಾಸ್‌ಬುಕ್ ನೋಡಿದರೆ ನಿಮ್ಮ ಪಾಲು ಮತ್ತು ಕಂಪನಿಯ ಪಾಲು ಬಂದಿರುತ್ತದೆ, ಪಿಂಚಣಿ ಕಾಲಂನಲ್ಲಿ ಮಾತ್ರ ಸೊನ್ನೆ. ಹಳೆಯ ಪಾಸ್‌ಬುಕ್‌ನಲ್ಲಿ ಪಿಂಚಣಿಯ ಮೊತ್ತ ಹಾಗೇ ಉಳಿದಿರುತ್ತದೆ. ಇದು ತಪ್ಪಲ್ಲ. ಪಿಂಚಣಿ ಕಾಲಂ ಬಡ್ಡಿ ಬೆಳೆಯುವ ಉಳಿತಾಯ ಖಾತೆಯಲ್ಲ, ಎಷ್ಟು ಕಟ್ಟಲಾಗಿದೆ ಎಂಬ ಬರಹ ಅಷ್ಟೆ. ಪಿಂಚಣಿ ನಿರ್ಧಾರವಾಗುವುದು ನೀವು ಎಷ್ಟು ವರ್ಷ ದುಡಿದಿರಿ, ಯಾವ ಸಂಬಳಕ್ಕೆ ದುಡಿದಿರಿ ಎಂಬುದರ ಮೇಲೆ. ಆದ್ದರಿಂದ ಹಣದ ಬದಲು ಸೇವಾವಧಿ ಮುಂದಕ್ಕೆ ಬಂದಿದೆಯೇ ಎಂದು ನೋಡಬೇಕು, ಅದು ಹಳೆಯ ಕಚೇರಿ ಹೊಸ ಕಚೇರಿಗೆ ಕಳಿಸುವ ಅನೆಕ್ಶರ್ ಕೆ ಎಂಬ ಪತ್ರದಲ್ಲಿರುತ್ತದೆ. ಉದಾಹರಣೆಯವರ ಬಿಟ್ಟ ದಿನಾಂಕ ತಿದ್ದಿಸಿದ ಮೇಲೆ ಅಲ್ಲಿ ಜೂನ್ 30 ಎಂದು ಇರಬೇಕು. ಜುಲೈ 31 ಎಂದೇ ಉಳಿದಿದ್ದರೆ ತಿದ್ದುಪಡಿ ಒಪ್ಪಿಗೆಯಾಗುವ ಮುಂಚೆಯೇ ವರ್ಗಾವಣೆ ನಡೆದಿದೆ ಎಂದು ತಿಳಿಯಿರಿ, ಅದನ್ನು ಹಳೆಯ ಕಚೇರಿಯಿಂದಲೇ ಸರಿ ಮಾಡಿಸಿಕೊಳ್ಳಬೇಕು.